ಹತ್ತು ವರ್ಷ ಕಂತು ಕಟ್ಟಿದರೂ ಕರಗದ ಅಸಲು

ಏಪ್ರಿಲ್ ಬಂತೆಂದರೆ ಮನೆಸಾಲ ಮಾಡಿದವರು ಬ್ಯಾಂಕಿನಿಂದ ಒಂದು ಹಾಳೆ ತರಿಸಿಕೊಳ್ಳುತ್ತಾರೆ. ಕಳೆದ ಹಣಕಾಸು ವರ್ಷದಲ್ಲಿ ಕಟ್ಟಿದ ಬಡ್ಡಿ ಎಷ್ಟು, ತೀರಿದ ಅಸಲು ಎಷ್ಟು ಎಂದು ತಿಳಿಸುವ ಪ್ರಮಾಣಪತ್ರ ಅದು. ತೆರಿಗೆ ಲೆಕ್ಕಕ್ಕೆಂದು ತರಿಸಿದ ಆ ಹಾಳೆಯೇ ಹೊಸದಾಗಿ ಸಾಲ ಮಾಡಿದವರ ಎದೆ ಧಸಕ್ಕೆನಿಸುತ್ತದೆ. 30 ಲಕ್ಷ ರೂಪಾಯಿಯನ್ನು ಶೇ. 9ರ ಬಡ್ಡಿಗೆ, 20 ವರ್ಷದ ಅವಧಿಗೆ ತೆಗೆದುಕೊಂಡ ಒಂದು ಕುಟುಂಬವನ್ನು ಇಟ್ಟುಕೊಳ್ಳೋಣ. ತಿಂಗಳ ಕಂತು 26,992 ರೂಪಾಯಿ. ಒಂದು ತಿಂಗಳೂ ತಪ್ಪಿಸದೆ ವರ್ಷವಿಡೀ ಕಟ್ಟಿದ ಮೊತ್ತ 3 ಲಕ್ಷ 24 ಸಾವಿರ. ಅದರಿಂದ ಸಾಲ ಇಳಿದದ್ದು 56 ಸಾವಿರ ಮಾತ್ರ. ಉಳಿದ 2 ಲಕ್ಷ 68 ಸಾವಿರ ಬಡ್ಡಿಗೆ ಹೋಯಿತು.

ಇದನ್ನು ನೋಡಿದವರು ಸಾಮಾನ್ಯವಾಗಿ ಹೇಳುವುದು ಒಂದೇ: "ಬ್ಯಾಂಕಿನವರು ಮೊದಲು ಬಡ್ಡಿಯನ್ನೆಲ್ಲ ಹಿಡಕೊಂಡುಬಿಡ್ತಾರೆ, ಅಸಲಿಗೆ ಆಮೇಲೆ ಬರ್ತಾರೆ." ಈ ಮಾತು ಎಷ್ಟು ಹಬ್ಬಿದೆಯೆಂದರೆ ಬ್ಯಾಂಕಿನ ಕೌಂಟರಿನಲ್ಲಿ ಕೂತವರೂ ಕೆಲವೊಮ್ಮೆ ಹಾಗೆಯೇ ಉತ್ತರಿಸುತ್ತಾರೆ. ಆದರೆ ಅದು ನಿಜವಲ್ಲ. ಮುಂದಿನ ವರ್ಷಗಳ ಬಡ್ಡಿಯನ್ನು ಯಾರೂ ಮುಂಚಿತವಾಗಿ ಹಿಡಿದುಕೊಳ್ಳುತ್ತಿಲ್ಲ. ನಿಜವಾಗಿ ಏನಾಗುತ್ತದೆ ಎಂಬುದು ಗೊತ್ತಾದರೆ ಸಾಲವನ್ನು ಎಲ್ಲಿ ಹಿಡಿದು ಬಗ್ಗಿಸಬಹುದು ಎಂಬುದೂ ಗೊತ್ತಾಗುತ್ತದೆ. ಆದ್ದರಿಂದ ಒಮ್ಮೆ ಪೆನ್ನು ಹಿಡಿದು ಈ ಲೆಕ್ಕ ಮಾಡುವುದು ಒಳ್ಳೆಯದು.

ನಮ್ಮ ಊರುಗಳಲ್ಲಿ ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಹೇಳುವವರು ಕಡಿಮೆ. ನೂರಕ್ಕೆ ಎರಡು ರೂಪಾಯಿ, ನೂರಕ್ಕೆ ಮೂರು ರೂಪಾಯಿ ಎಂದರೆ ತಿಂಗಳ ಬಡ್ಡಿ ಎಂದೇ ಅರ್ಥ. ಹಾಗೆ ನೋಡಿದರೆ ವರ್ಷಕ್ಕೆ ಶೇ. 9 ಎಂದರೆ ತಿಂಗಳಿಗೆ ನೂರಕ್ಕೆ ಮುಕ್ಕಾಲು ರೂಪಾಯಿ. ಬ್ಯಾಂಕಿನ ಕಂಪ್ಯೂಟರ್ ಪ್ರತಿ ತಿಂಗಳು ಮಾಡುವುದು ಇಷ್ಟೇ: ಈಗ ಬಾಕಿಯಿರುವ ಸಾಲಕ್ಕೆ ನೂರಕ್ಕೆ ಮುಕ್ಕಾಲರಂತೆ ಬಡ್ಡಿ ಹಾಕುತ್ತದೆ, ಬಂದ ಕಂತಿನಲ್ಲಿ ಆ ಬಡ್ಡಿಯನ್ನು ಕಳೆಯುತ್ತದೆ, ಉಳಿದದ್ದನ್ನು ಅಸಲಿಗೆ ಜಮಾ ಮಾಡುತ್ತದೆ.

ಮೊದಲ ತಿಂಗಳು ಬಾಕಿ ಪೂರ್ತಿ 30 ಲಕ್ಷ. ಅದಕ್ಕೆ ಬಡ್ಡಿ 22,500. ಕಂತು 26,992 ಆದ್ದರಿಂದ ಅಸಲಿಗೆ ಸಿಕ್ಕಿದ್ದು 4,492. ಈಗ ಬಾಕಿ 29,95,508. ಎರಡನೇ ತಿಂಗಳ ಬಡ್ಡಿ ಬೀಳುವುದು ಈ ಮೊತ್ತದ ಮೇಲೆ, ಅಂದರೆ 22,466. ಹಿಂದಿನ ತಿಂಗಳಿಗಿಂತ 34 ರೂಪಾಯಿ ಕಡಿಮೆ. ಕಂತು ಮಾತ್ರ ಅಷ್ಟೇ ಇರುವುದರಿಂದ, ಉಳಿದ ಆ 34 ರೂಪಾಯಿ ಅಸಲಿನ ಪಾಲಿಗೆ ಸೇರಿ ಅದು 4,526 ಆಗುತ್ತದೆ. ಇಡೀ ಇಪ್ಪತ್ತು ವರ್ಷ ನಡೆಯುವುದು ಇದೇ. ಬಡ್ಡಿಯ ಪಾಲು ಹನಿಹನಿಯಾಗಿ ಇಳಿಯುತ್ತದೆ, ಅಸಲಿನ ಪಾಲು ಅಷ್ಟೇ ಏರುತ್ತದೆ. ಬಡ್ಡಿದರ ಮೊದಲ ತಿಂಗಳೂ ಮುಕ್ಕಾಲು, ಕೊನೆಯ ತಿಂಗಳೂ ಮುಕ್ಕಾಲು. ಆರಂಭದಲ್ಲಿ ಬಡ್ಡಿ ಜಾಸ್ತಿಯಿರುವುದು ಆರಂಭದಲ್ಲಿ ಸಾಲ ಜಾಸ್ತಿಯಿರುವುದರಿಂದ, ಬೇರೆ ಯಾವ ಕಾರಣದಿಂದಲೂ ಅಲ್ಲ.

ಹಾಗಾದರೆ 26,992 ಎಂಬ ಅಂಕಿ ಎಲ್ಲಿಂದ ಬಂತು? 26,000 ಏಕಲ್ಲ, 28,000 ಏಕಲ್ಲ?

ಪ್ರತಿ ತಿಂಗಳು ಬರೀ 22,500 ಕಟ್ಟುತ್ತಾ ಹೋದರೆ ಏನಾಗುತ್ತದೆ ಎಂದು ಮೊದಲು ಯೋಚಿಸಿ. ಆಯಾ ತಿಂಗಳ ಬಡ್ಡಿ ಚುಕ್ತಾ ಆಗುತ್ತದೆ, ಅಸಲು ಜಗ್ಗುವುದಿಲ್ಲ. ಇಪ್ಪತ್ತು ವರ್ಷವಾದ ಮೇಲೂ 30 ಲಕ್ಷ 30 ಲಕ್ಷವಾಗಿಯೇ ಇರುತ್ತದೆ. ಆದ್ದರಿಂದ ಬಡ್ಡಿಯ ಜೊತೆಗೆ ಇನ್ನೊಂದಿಷ್ಟು ಕಟ್ಟಬೇಕು. ಆ ಇನ್ನೊಂದಿಷ್ಟು ಎಷ್ಟಿರಬೇಕೆಂದರೆ, ಅದು 240 ತಿಂಗಳಲ್ಲಿ ಸರಿಯಾಗಿ 30 ಲಕ್ಷವಾಗಿ ಬೆಳೆಯಬೇಕು. ಇದು ನಮಗೆಲ್ಲ ಗೊತ್ತಿರುವ ಆರ್.ಡಿ. ಲೆಕ್ಕವೇ. ತಿಂಗಳಿಗೆ ಮುಕ್ಕಾಲು ಪರ್ಸೆಂಟ್ ಬಡ್ಡಿ ಸೇರುವ ಆರ್.ಡಿ.ಗೆ ತಿಂಗಳಿಗೊಂದು ರೂಪಾಯಿ ಹಾಕಿದರೆ, 240ನೇ ಕಂತು ಹಾಕಿದ ದಿನ ಅದು ಸುಮಾರು 667 ರೂಪಾಯಿ 89 ಪೈಸೆ ಆಗಿರುತ್ತದೆ. ಒಂದು ರೂಪಾಯಿಗೆ ಅಷ್ಟಾದರೆ 30 ಲಕ್ಷ ಆಗಬೇಕಾದರೆ ತಿಂಗಳಿಗೆ ಎಷ್ಟು ಹಾಕಬೇಕು? 30 ಲಕ್ಷವನ್ನು 667.89ರಿಂದ ಭಾಗಿಸಿ. ಬರುವುದು 4,492. ಅದಕ್ಕೆ ಬಡ್ಡಿಯ 22,500 ಸೇರಿಸಿ. ಅದೇ ಕಂತು.

ಮನೆಸಾಲದ ಕಂತನ್ನು ಹೀಗೆ ಎರಡಾಗಿ ಒಡೆದು ನೋಡುವುದು ನನಗೆ ಬಹಳ ಇಷ್ಟ, ಏಕೆಂದರೆ ಇದರಲ್ಲಿ ಇಡೀ ಸಾಲದ ಸ್ವಭಾವ ಕಾಣುತ್ತದೆ. 30 ಲಕ್ಷ ತೀರಿಸಲು ಹೊರಟ ಆರ್.ಡಿ. ಕೇವಲ 4,492 ರೂಪಾಯಿಯದು. ಆರ್.ಡಿ. ಇಟ್ಟವರಿಗೆ ಗೊತ್ತು, ಮೊದಲ ಕೆಲವು ವರ್ಷ ಪಾಸ್‌ಬುಕ್ಕಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ, ದುಡ್ಡು ದುಡ್ಡನ್ನು ಎಳೆಯಲು ಶುರುಮಾಡುವುದು ಕೊನೆಕೊನೆಗೆ. ಸಾಲದ ಅಸಲು ಕರಗುವುದೂ ಅದೇ ಗತಿಯಲ್ಲಿ.

ಬ್ಯಾಂಕಿನವರು ಬಳಸುವ ಸೂತ್ರ ಈ ಎರಡು ಹೆಜ್ಜೆಗಳನ್ನು ಒಂದೇ ಸಾಲಿಗೆ ಇಳಿಸಿದ್ದಷ್ಟೇ:

```
EMI = P × r × (1+r)^n ÷ ((1+r)^n − 1)
```

P ಎಂದರೆ ಸಾಲ, r ಎಂದರೆ ತಿಂಗಳ ಬಡ್ಡಿದರ (ನಮ್ಮ ಲೆಕ್ಕದಲ್ಲಿ 0.0075), n ಎಂದರೆ ತಿಂಗಳುಗಳ ಸಂಖ್ಯೆ. ಇದರಲ್ಲಿ ಗಮನಿಸಬೇಕಾದದ್ದು (1+r)^n ಎಂಬ ಭಾಗ. ಇವತ್ತಿನ ಒಂದು ರೂಪಾಯಿ ಇಪ್ಪತ್ತು ವರ್ಷ ಅದೇ ಬಡ್ಡಿಗೆ ಬೆಳೆದರೆ ಎಷ್ಟಾಗುತ್ತದೆ ಎಂಬುದು ಅದು. ಶೇ. 9ರಲ್ಲಿ ಅದು 6 ರೂಪಾಯಿ ಮತ್ತು ಒಂದು ಪೈಸೆಯಷ್ಟು. ಮೊದಲ ಕಂತಿನಲ್ಲಿ ಅಸಲಿನ ಪಾಲು ಆರರಲ್ಲಿ ಒಂದು ಇರುವುದು ಇದೇ ಕಾರಣಕ್ಕೆ. ಹಾಗೆಂದು ಸೂತ್ರ ಬಾಯಿಪಾಠ ಮಾಡಬೇಕಾಗಿಲ್ಲ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನ ಒಂದು ಖಾನೆಯಲ್ಲಿ ಹೀಗೆ ಬರೆದರೆ ಉತ್ತರ ಬರುತ್ತದೆ:

```
=PMT(0.09/12, 240, -3000000)
```

ಈಗ ಅವಧಿಯನ್ನು ಬದಲಿಸಿ ನೋಡಿ. ಇದೇ 30 ಲಕ್ಷವನ್ನು ಇದೇ ಬಡ್ಡಿಗೆ 10 ವರ್ಷಕ್ಕೆ ತೆಗೆದುಕೊಂಡರೆ ಕಂತು 38,003. ಮೊದಲ ತಿಂಗಳ ಬಡ್ಡಿ ಅದೇ 22,500, ಆದರೆ ಅಸಲಿಗೆ 15,503 ಹೋಗುತ್ತದೆ. 30 ವರ್ಷಕ್ಕೆ ಎಳೆದರೆ ಕಂತು 24,139, ಅಸಲಿಗೆ ಸಿಗುವುದು ಬರೀ 1,639. ಬ್ಯಾಂಕು ಅದೇ, ಬಡ್ಡಿ ಅದೇ, ಸಾಲವೂ ಅದೇ. ಮೊದಲ ಕಂತನ್ನು ಬಡ್ಡಿ ನುಂಗುವುದಕ್ಕೆ ಕಾರಣ ನಾವು ಆರಿಸಿಕೊಂಡ ದೀರ್ಘ ಅವಧಿ ಎಂಬುದು ಇಲ್ಲಿ ನಿಚ್ಚಳವಾಗಿ ಕಾಣುತ್ತದೆ. 20 ವರ್ಷದಿಂದ 30ಕ್ಕೆ ಹೋದದ್ದರಿಂದ ತಿಂಗಳಿಗೆ ಉಳಿದದ್ದು 2,853 ರೂಪಾಯಿ. ಅದಕ್ಕೆ ತೆತ್ತ ಬೆಲೆ ಇದು: 20 ವರ್ಷಕ್ಕೆ ಒಟ್ಟು ಬಡ್ಡಿ 34 ಲಕ್ಷ 78 ಸಾವಿರ ಆಗುತ್ತಿದ್ದರೆ, 30 ವರ್ಷಕ್ಕೆ 56 ಲಕ್ಷ 90 ಸಾವಿರ. ಸಂಬಳ ಸಣ್ಣದಿರುವ ಕುಟುಂಬಕ್ಕೆ ಆ 2,853 ರೂಪಾಯಿಯೇ ದೊಡ್ಡದು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ "ತಿಂಗಳಿಗೆ ಎಷ್ಟು ಕಡಿಮೆಯಾಗುತ್ತೆ ನೋಡಿ ಸರ್" ಎಂದು ತೋರಿಸುವವರು ಈ ಇನ್ನೊಂದು ಅಂಕಿಯನ್ನೂ ಪಕ್ಕದಲ್ಲಿ ಬರೆದು ತೋರಿಸಬೇಕು.

ಮತ್ತೆ ನಮ್ಮ 20 ವರ್ಷದ ಸಾಲಕ್ಕೆ ಬರೋಣ. ಐದು ವರ್ಷ ಮುಗಿದಾಗ ಕಟ್ಟಿದ ಮೊತ್ತ 16 ಲಕ್ಷ 19 ಸಾವಿರ, ಬಾಕಿ ಇನ್ನೂ 26 ಲಕ್ಷ 61 ಸಾವಿರ. ಹತ್ತು ವರ್ಷ, ಅಂದರೆ ಅರ್ಧ ಅವಧಿ ಕಳೆದಾಗ ಕಟ್ಟಿದ್ದು 32 ಲಕ್ಷ 39 ಸಾವಿರ. ತೆಗೆದುಕೊಂಡ ಸಾಲಕ್ಕಿಂತ ಹೆಚ್ಚು ದುಡ್ಡು ಬ್ಯಾಂಕಿಗೆ ಹೋಗಿದೆ, ಆದರೂ ಬಾಕಿ 21 ಲಕ್ಷ 31 ಸಾವಿರ. ಕಂತಿನಲ್ಲಿ ಅಸಲಿನ ಪಾಲು ಬಡ್ಡಿಯನ್ನು ಮೊದಲ ಬಾರಿ ಮೀರುವುದು 149ನೇ ಕಂತಿನಲ್ಲಿ, ಹನ್ನೆರಡು ವರ್ಷ ದಾಟಿದ ಮೇಲೆ. ಅಸಲು ಅರ್ಧಕ್ಕೆ ಇಳಿಯುವ ಹೊತ್ತಿಗೆ ಹದಿನಾಲ್ಕು ವರ್ಷವಾಗಿರುತ್ತದೆ. ಅಲ್ಲಿಂದಾಚೆಗೆ ಓಟ. ಉಳಿದರ್ಧ ಆರೇ ವರ್ಷದಲ್ಲಿ ತೀರುತ್ತದೆ, ಕೊನೆಯ ಕಂತಿನಲ್ಲಿ ಬಡ್ಡಿ ಕೇವಲ 201 ರೂಪಾಯಿ.

ಈ ನಿಧಾನಗತಿಯಿಂದ ಜನ ಏಟು ತಿನ್ನುವ ಜಾಗ ಎರಡು. ಮೊದಲನೆಯದು ಸಾಲ ವರ್ಗಾವಣೆ. ಐದು ವರ್ಷ ಕಂತು ಕಟ್ಟಿದ ನಮ್ಮ ಕುಟುಂಬಕ್ಕೆ ಇನ್ನೊಂದು ಬ್ಯಾಂಕು ಶೇ. 8.5ಕ್ಕೆ ಕೊಡುತ್ತೇವೆ ಎನ್ನುತ್ತದೆ ಎಂದಿಟ್ಟುಕೊಳ್ಳಿ. ಬಾಕಿ 26 ಲಕ್ಷ 61 ಸಾವಿರಕ್ಕೆ ಮತ್ತೆ ಹೊಸದಾಗಿ 20 ವರ್ಷ ಹಾಕಿದರೆ ಕಂತು 23,095ಕ್ಕೆ ಇಳಿಯುತ್ತದೆ. ತಿಂಗಳಿಗೆ 3,900 ರೂಪಾಯಿ ಉಳಿದಂತೆ ಕಾಣುತ್ತದೆ. ಆದರೆ ಹಳೆಯ ಸಾಲದಲ್ಲಿ ಉಳಿದಿದ್ದ 180 ಕಂತುಗಳ ಮೊತ್ತ 48 ಲಕ್ಷ 59 ಸಾವಿರ, ಹೊಸದರ 240 ಕಂತುಗಳ ಮೊತ್ತ 55 ಲಕ್ಷ 43 ಸಾವಿರ. ಬಡ್ಡಿದರ ಇಳಿದರೂ ಕೊಡಬೇಕಾದದ್ದು ಸುಮಾರು 6 ಲಕ್ಷ 84 ಸಾವಿರ ಏರಿತು, ಏಕೆಂದರೆ ಆರ್.ಡಿ. ಮತ್ತೆ ಮೊದಲಿನಿಂದ ಶುರುವಾಯಿತು. ಅದೇ ಹೊಸ ಬ್ಯಾಂಕಿಗೆ ಉಳಿದ 15 ವರ್ಷಕ್ಕಷ್ಟೇ ಅವಧಿ ಹಾಕಿಸಿದರೆ ಕಂತು 26,206 ಆಗಿ, ಒಟ್ಟಾರೆ 1 ಲಕ್ಷ 41 ಸಾವಿರ ನಿಜವಾಗಿಯೂ ಉಳಿಯುತ್ತದೆ. ವರ್ಗಾವಣೆಗೆ ತಗಲುವ ಶುಲ್ಕವನ್ನು ಅದರಲ್ಲಿ ಕಳೆದು ನೋಡಬೇಕು.

ಎರಡನೆಯದು ಇನ್ನೂ ದೊಡ್ಡದು, ಮತ್ತು ಅದು ನಮ್ಮ ಕಣ್ಣೆದುರೇ ನಡೆದದ್ದು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ಮನೆಸಾಲಗಳ ಬಡ್ಡಿಯನ್ನು ಹೊರಗಿನ ಒಂದು ಮಾನದಂಡಕ್ಕೆ ಕಟ್ಟಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿತು. ಬಹಳಷ್ಟು ಬ್ಯಾಂಕುಗಳು ರೆಪೊ ದರವನ್ನು ಆರಿಸಿಕೊಂಡವು. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ ದರ ಶೇ. 4ರಿಂದ 6.5ಕ್ಕೆ ಏರಿತು. ಅದಕ್ಕೆ ಸ್ವಲ್ಪ ಮುಂಚೆ ಶೇ. 6.5ರ ಬಡ್ಡಿಗೆ 30 ಲಕ್ಷ ತೆಗೆದುಕೊಂಡವರ ಕಂತು 22,367 ಇತ್ತು. ದರ ಎರಡೂವರೆ ಏರಿ ಶೇ. 9 ಆದಾಗ, ಸಾಲ ಇನ್ನೂ ಇಪ್ಪತ್ತೊಂಬತ್ತೂವರೆ ಲಕ್ಷ ಇದ್ದರೆ ಒಂದು ತಿಂಗಳ ಬಡ್ಡಿಯೇ 22,125. ಕಂತು ಹಾಗೆಯೇ ಇದ್ದರೆ ಅಸಲಿಗೆ ಉಳಿಯುವುದು 242 ರೂಪಾಯಿ. ಆ ಗತಿಯಲ್ಲಿ ಸಾಲ ತೀರಲು ಐವತ್ತು ವರ್ಷಕ್ಕೂ ಮಿಕ್ಕಿ ಬೇಕು. ಇನ್ನು ಕಾಲು ಪರ್ಸೆಂಟ್ ಏರಿದ್ದರೆ ಕಂತು ಬಡ್ಡಿಗೂ ಸಾಲದೆ, ಕಟ್ಟಿದಷ್ಟೂ ಸಾಲ ಬೆಳೆಯುತ್ತಿತ್ತು.

ಆಗ ಎಷ್ಟೋ ಸಾಲಗಾರರಿಗೆ ಇದು ಗೊತ್ತೇ ಆಗಲಿಲ್ಲ. ಖಾತೆಯಿಂದ ಹೋಗುವ ಕಂತು ಬದಲಾಗಿರಲಿಲ್ಲ, ಬ್ಯಾಂಕು ಒಳಗೊಳಗೇ ಅವಧಿಯನ್ನು ಹಿಗ್ಗಿಸಿತ್ತು. 2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಬಂದದ್ದು ಇದಕ್ಕಾಗಿಯೇ. ಬಡ್ಡಿ ಬದಲಾದಾಗ ಕಂತು ಏರಿಸಬೇಕೋ, ಅವಧಿ ಹಿಗ್ಗಿಸಬೇಕೋ, ಎರಡನ್ನೂ ಸ್ವಲ್ಪಸ್ವಲ್ಪ ಮಾಡಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕು, ಅವಧಿ ಹಿಗ್ಗಿಸುವುದರಿಂದ ಸಾಲ ಬೆಳೆಯುವಂತೆ ಆಗಕೂಡದು, ಪ್ರತಿ ಮೂರು ತಿಂಗಳಿಗೆ ಒಮ್ಮೆಯಾದರೂ ಉಳಿದ ಕಂತುಗಳೆಷ್ಟು, ಇದುವರೆಗೆ ಹೋದ ಅಸಲೆಷ್ಟು, ಬಡ್ಡಿಯೆಷ್ಟು ಎಂಬ ವಿವರ ಸಿಗಬೇಕು ಎಂದು ಅದು ಹೇಳಿತು. ಆ ವಿವರಪಟ್ಟಿಯಲ್ಲಿ ಉಳಿದ ಕಂತುಗಳ ಸಂಖ್ಯೆಯನ್ನು ನೋಡಿ. ತಿಂಗಳಿಗೆ ಒಂದರಂತೆ ಇಳಿಯದೆ ಏರಿದ್ದರೆ ಅವಧಿ ಹಿಗ್ಗಿದೆ ಎಂದೇ ಅರ್ಥ.

ಇದೇ ಗಣಿತ ಸಾಲಗಾರರ ಪರವಾಗಿಯೂ ಕೆಲಸ ಮಾಡುತ್ತದೆ. ನಮ್ಮ ಕುಟುಂಬ ಮೊದಲ ವರ್ಷದ ಕೊನೆಗೆ, ಬೋನಸ್ಸೋ ಅಡಿಕೆ ಮಾರಿದ ದುಡ್ಡೋ, ಒಂದು ಲಕ್ಷವನ್ನು ಹೆಚ್ಚುವರಿಯಾಗಿ ಅಸಲಿಗೆ ಕಟ್ಟಿತು, ಕಂತನ್ನು ಮಾತ್ರ ಮೊದಲಿನಷ್ಟೇ ಮುಂದುವರಿಸಿತು ಎಂದುಕೊಳ್ಳಿ. ಆ ಒಂದು ಲಕ್ಷ ಇಡೀ ಮೊತ್ತವಾಗಿ ಅಸಲನ್ನೇ ಕಡಿಯುತ್ತದೆ, ಅದರಲ್ಲಿ ಬಡ್ಡಿಗೆ ಪಾಲಿಲ್ಲ. ವರ್ಷವಿಡೀ 3 ಲಕ್ಷ 24 ಸಾವಿರ ಕಟ್ಟಿ ಇಳಿಸಿದ 56 ಸಾವಿರಕ್ಕಿಂತ ಹೆಚ್ಚು ಅಸಲು ಒಂದೇ ದಿನದಲ್ಲಿ ಇಳಿಯಿತು. ಕೊನೆಯಲ್ಲಿ 19 ಕಂತುಗಳು ಹಾರಿಹೋಗುತ್ತವೆ. ಕಟ್ಟಿದ ಒಂದು ಲಕ್ಷವನ್ನು ಕಳೆದರೂ ಉಳಿತಾಯ ಸುಮಾರು 4 ಲಕ್ಷ 13 ಸಾವಿರ. ಅದೇ ಒಂದು ಲಕ್ಷವನ್ನು ಹದಿನೈದನೇ ವರ್ಷದ ಕೊನೆಗೆ ಕಟ್ಟಿದರೆ ತಪ್ಪುವುದು ಐದು-ಆರು ಕಂತು, ಉಳಿತಾಯ ಸುಮಾರು 54 ಸಾವಿರ. ಸಾಲಕ್ಕೆ ವಯಸ್ಸಾದಷ್ಟೂ ಹೆಚ್ಚುವರಿ ದುಡ್ಡಿನ ಬಲ ಕುಂದುತ್ತದೆ.

ಆದರೆ 4 ಲಕ್ಷ 13 ಸಾವಿರ ಎಂಬ ಅಂಕಿಗೆ ಮರುಳಾಗಿ, ಇದ್ದಬದ್ದ ಠೇವಣಿಯನ್ನೆಲ್ಲ ಮುರಿದು ಸಾಲಕ್ಕೆ ಸುರಿಯಬಾರದು. ಆ ಉಳಿತಾಯ ಹತ್ತೊಂಬತ್ತು ವರ್ಷದ ಫಲ. ಹೆಚ್ಚುವರಿ ಕಟ್ಟಿದ ದುಡ್ಡು ದುಡಿಯುವುದು ಸಾಲದ ಬಡ್ಡಿದರದಲ್ಲಿ, ಇಲ್ಲಿ ಶೇ. 9ರಲ್ಲಿ, ಅದಕ್ಕಿಂತ ಒಂದು ಪೈಸೆಯೂ ಹೆಚ್ಚಲ್ಲ. ಠೇವಣಿಯಲ್ಲಿ ತೆರಿಗೆ ಕಳೆದು ಶೇ. 6 ಬರುತ್ತಿದ್ದರೆ ಆ ದುಡ್ಡನ್ನು ಸಾಲಕ್ಕೆ ಹಾಕುವುದು ಜಾಣತನ. ಅದೇ ಹೊತ್ತಿಗೆ ಕ್ರೆಡಿಟ್ ಕಾರ್ಡ್ ಬಾಕಿಯೋ, ನೂರಕ್ಕೆ ಎರಡರ ಕೈಸಾಲವೋ ತಲೆಯ ಮೇಲಿದ್ದರೆ ಮೊದಲು ಅದನ್ನು ತೀರಿಸಬೇಕು. ಆಸ್ಪತ್ರೆಯ ಖರ್ಚಿಗೆ ಕೈಯಲ್ಲಿ ಕಾಸಿಲ್ಲದೆ, ಮನೆಸಾಲ ಮಾತ್ರ ಬೇಗ ಇಳಿಯುತ್ತಿದೆ ಎಂಬ ಸ್ಥಿತಿಯೂ ಒಳ್ಳೆಯದಲ್ಲ, ಏಕೆಂದರೆ ಒಮ್ಮೆ ಅಸಲಿಗೆ ಕಟ್ಟಿದ್ದನ್ನು ಬೇಕೆಂದಾಗ ವಾಪಸು ಕೇಳಲಾಗದು.

ಹೆಚ್ಚುವರಿ ಕಟ್ಟುವ ನಿರ್ಧಾರ ಮಾಡಿದ ಮೇಲೆ ಬ್ಯಾಂಕಿನಲ್ಲಿ ಮಾಡಬೇಕಾದ ಕೆಲಸವಿದೆ. ವ್ಯಕ್ತಿಗಳ ಹೆಸರಿನಲ್ಲಿರುವ ಫ್ಲೋಟಿಂಗ್ ಬಡ್ಡಿಯ ಮನೆಸಾಲವನ್ನು ಅವಧಿಗೆ ಮುನ್ನ ತೀರಿಸಿದ್ದಕ್ಕೆ ಬ್ಯಾಂಕುಗಳು ದಂಡಶುಲ್ಕ ಹಾಕುವಂತಿಲ್ಲ ಎಂದು 2012ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಆದ್ದರಿಂದ ಶುಲ್ಕದ ಮಾತು ಬಂದರೆ ಪ್ರಶ್ನಿಸಬಹುದು. ದುಡ್ಡು ಕಟ್ಟುವಾಗ "ಕಂತಿನ ಮೊತ್ತ ಹಾಗೆಯೇ ಇರಲಿ, ಅವಧಿ ಕಡಿಮೆ ಮಾಡಿ" ಎಂದು ಬರಹದಲ್ಲೇ ಕೊಡಿ. ಅವಧಿ ಹಾಗೆಯೇ ಬಿಟ್ಟು ಕಂತು ಇಳಿಸಿದರೆ ತಿಂಗಳಿಗೆ ಒಂದಿಷ್ಟು ಉಸಿರಾಡಲು ಜಾಗ ಸಿಗುತ್ತದೆ ನಿಜ, ಆದರೆ ಬಡ್ಡಿಯ ಉಳಿತಾಯ ಬಹಳ ಕಡಿಮೆಯಾಗುತ್ತದೆ.

ಮುಂದಿನ ತಿಂಗಳ ಸ್ಟೇಟ್‌ಮೆಂಟ್ ಬಂದಾಗ ಬಡ್ಡಿಯ ಸಾಲನ್ನು ನೋಡಿ. ಒಂದು ಲಕ್ಷ ಕಟ್ಟದಿದ್ದರೆ ನಮ್ಮ ಲೆಕ್ಕದ ಕುಟುಂಬಕ್ಕೆ ಹದಿಮೂರನೇ ತಿಂಗಳ ಬಡ್ಡಿ 22,079 ಬೀಳುತ್ತಿತ್ತು, ಕಟ್ಟಿದ ಮೇಲೆ 21,329 ಬೀಳಬೇಕು. ಎಷ್ಟೋ ಬ್ಯಾಂಕುಗಳು ದಿನದ ಲೆಕ್ಕದಲ್ಲಿ ಬಡ್ಡಿ ಹಾಕುವುದರಿಂದ 30 ದಿನದ ತಿಂಗಳಿಗೂ 31 ದಿನದ ತಿಂಗಳಿಗೂ ಕೆಲವು ನೂರು ರೂಪಾಯಿ ಹೆಚ್ಚುಕಡಿಮೆ ಆಗಬಹುದು, ಅದನ್ನು ಗಮನದಲ್ಲಿಟ್ಟುಕೊಂಡೇ ಹೋಲಿಸಬೇಕು. ಲಕ್ಷಕ್ಕೆ 750 ರೂಪಾಯಿಯ ಆಸುಪಾಸಿನ ಇಳಿಕೆ ಕಾಣದಿದ್ದರೆ, ಕಟ್ಟಿದ ದುಡ್ಡು ಅಸಲಿಗೆ ಜಮಾ ಆಗದೆ ಮುಂಗಡ ಕಂತೆಂದು ಬೇರೆ ಲೆಕ್ಕದಲ್ಲಿ ಕೂತಿರುವ ಸಾಧ್ಯತೆಯಿದೆ. ಸ್ಟೇಟ್‌ಮೆಂಟನ್ನು ಹಿಡಿದು ಅದೇ ವಾರ ಶಾಖೆಗೆ ಹೋಗಿ ಸರಿಪಡಿಸಿಕೊಳ್ಳಿ, ಏಕೆಂದರೆ ಹಾಗೆ ಕೂತ ದುಡ್ಡು ಒಂದು ರೂಪಾಯಿಯ ಬಡ್ಡಿಯನ್ನೂ ಉಳಿಸುವುದಿಲ್ಲ.